ಮನೆ ಸೋರುತ್ತಿದೆ ಅಂತ ಓನರ್‌ಗೆ ಬರೆಯುವುದು ಹೇಗೆ?

ಬಾಡಿಗೆ ಮನೆಯ ಕಟ್ಟಕಡೆಯ ಮಹಡಿಯಲ್ಲಿ ಇರುವವರಿಗೆ ಗಾಳಿ ಬೆಳಕು ಚೆನ್ನಾಗಿ ಸಿಗುತ್ತೆ, ಜತೆಗೆ ಮಳೆಗಾಲದಲ್ಲಿ ಓನರ್‌ಗೆ ಒಂದು ಪತ್ರ ಬರೆಯುವ ಯೋಗವೂ ಸಿಗುತ್ತೆ. ಫೋನ್ ಮಾಡಿದರೆ "ಆಯ್ತು, ನೋಡೋಣ" ಅನ್ನುತ್ತಾರೆ. ವಾಟ್ಸಾಪ್‌ನಲ್ಲಿ ಹಾಕಿದ ಫೋಟೊ ಮೂರೇ ದಿನದಲ್ಲಿ ಗುಡ್ ಮಾರ್ನಿಂಗ್ ಹೂಗಳ ಕೆಳಗೆ ಹೂತು ಹೋಗುತ್ತೆ. ಇಮೇಲ್ ಹಾಗಲ್ಲ. ತಾರೀಖಿನ ಸಮೇತ ಒಂದು ಕಡೆ ಉಳಿಯುತ್ತೆ, ಬೇಕಾದವರಿಗೆ ಹಾಗೇ ಮುಂದಕ್ಕೆ ಕಳಿಸಬಹುದು.

ಈ ಕೊನೆಯ ಮಾತು ಮುಖ್ಯ. ಸೋರುವ ಮನೆಯ ಪತ್ರವನ್ನು ಓನರ್ ಒಬ್ಬರೇ ಓದುವುದಿಲ್ಲ. ನಮ್ಮ ಮನೆಯದ್ದೇ ಹೇಳುವುದಾದರೆ, ನಾವಿರುವುದು ಬೆಂಗಳೂರಿನಲ್ಲಿ, ಎರಡನೇ ಮಹಡಿ, ಮೇಲೆ ಬರೀ ತಾರಸಿ. ಓನರ್ ನಿವೃತ್ತ ಮೇಷ್ಟ್ರು, ಇರುವುದು ದಾವಣಗೆರೆಯಲ್ಲಿ. ದುಡ್ಡು ಕೊಡುವವರು ಅವರ ಮಗ. ಕೆಲಸ ಮಾಡುವವರು ಅವರ ಗುರುತಿನ ಮೇಸ್ತ್ರಿ. ಮನೆ ನೋಡದೆ ನಂಬಬೇಕಾದವರು ಒಬ್ಬರು, ಖರ್ಚಿಗೆ ಒಪ್ಪಬೇಕಾದವರು ಇನ್ನೊಬ್ಬರು, ಏನು ಸಾಮಾನು ತರಬೇಕು ಅಂತ ತಿಳಿಯಬೇಕಾದವರು ಮತ್ತೊಬ್ಬರು. ಮೂವರಿಗೂ ಒಂದೇ ಪತ್ರ ಸಾಕಾಗಬೇಕು. ಮೂವರೂ ಓದುವ ಭಾಷೆ ಕನ್ನಡ, ಹಾಗಾಗಿ ಪತ್ರವೂ ಕನ್ನಡದಲ್ಲೇ.

ಬರೆಯುವ ಮುಂಚೆ ನಾಲ್ಕು ದಿನ ನೋಡುವ ಕೆಲಸ ಇರುತ್ತೆ. ಮೊದಲು ತಿಳಿಯಬೇಕಾದ್ದು, ಇದು ಮಳೆಯ ನೀರೋ, ಟ್ಯಾಂಕಿನ ನೀರೋ ಅನ್ನುವುದು. ಎರಡರ ರಿಪೇರಿಯೂ ಬೇರೆ, ಕರೆಸಬೇಕಾದ ಜನವೂ ಬೇರೆ. ಮೋಲ್ಡಿನ ಮೇಲಿನ ತೇವದ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಮಳೆ ಬಂದ ಮೇಲೆ ತೇವ ಗೆರೆ ದಾಟಿ, ಬಿಸಿಲು ಬಿದ್ದ ದಿನ ಅಲ್ಲೇ ನಿಂತರೆ ಅದು ಮಳೆಯದು. ಮಳೆಯೇ ಇಲ್ಲದ ದಿನವೂ ಹರಡುತ್ತಿದ್ದರೆ ಟ್ಯಾಂಕು ಅಥವಾ ಪೈಪಿನ ಮೇಲೆ ಅನುಮಾನ ಪಡಬೇಕು. ಆಗ ರಾತ್ರಿ ಮೋಟರ್ ಹಾಕದೆ, ಟ್ಯಾಂಕಿನಿಂದ ಇಳಿಯುವ ವಾಲ್ವ್ ಮುಚ್ಚಿ, ನೀರಿನ ಮಟ್ಟಕ್ಕೆ ಗುರುತು ಮಾಡಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಟ್ಯಾಂಕೇ ಸೋರುತ್ತಿದೆ. ಮಟ್ಟ ಇಳಿಯದೆ ತೇವ ಮಾತ್ರ ಹೆಚ್ಚುತ್ತಿದ್ದರೆ ವಾಲ್ವ್‌ನಿಂದ ಈಚೆಗಿನ ಪೈಪ್ ನೋಡಬೇಕು.

ಆಮೇಲೆ ಒಂದು ಸಲ ತಾರಸಿ ಹತ್ತಿ ನೋಡಿ. ನೀರು ಎಲ್ಲಿ ನಿಂತಿದೆ, ಮಳೆನೀರು ಇಳಿಯುವ ಪೈಪಿನ ಬಾಯಿ ಕಟ್ಟಿದೆಯೇ, ಪ್ಯಾರಾಪೆಟ್ ಗೋಡೆ ತಾರಸಿಗೆ ಸೇರುವ ಮೂಲೆಯಲ್ಲಿ ಬಿರುಕಿದೆಯೇ, ಇಷ್ಟನ್ನು ಗಮನಿಸಿದರೆ ಸಾಕು. ಆದರೆ "ಈ ಬಿರುಕಿನಿಂದಲೇ ಸೋರುತ್ತಿದೆ" ಅಂತ ತೀರ್ಪು ಕೊಡಲು ಹೋಗಬೇಡಿ. ಕಾಂಕ್ರೀಟಿನಲ್ಲಿ ನೀರು ಒಂದು ಕಡೆ ಇಳಿದು, ಒಳಗೇ ದಾರಿ ಹುಡುಕಿಕೊಂಡು, ನಾಲ್ಕಾರು ಅಡಿ ಆಚೆ ಹೊರಬರುವುದುಂಟು. ನೀವು ಕಂಡದ್ದನ್ನು ಬರೆಯಿರಿ, ಕಾರಣ ಹೇಳುವುದನ್ನು ಮೇಸ್ತ್ರಿಗೆ ಬಿಡಿ.

ಹೋದ ಸೆಪ್ಟೆಂಬರ್‌ನಲ್ಲಿ ನಾನು ಕಳಿಸಿದ ಪತ್ರ ಇದು. ವಿಷಯದ ಸಾಲಿನಲ್ಲಿ ಹೀಗೆ ಬರೆದಿದ್ದೆ: "ಎರಡನೇ ಮಹಡಿ ಮಲಗುವ ಕೋಣೆ – ತಾರಸಿ ಸೋರಿಕೆ – ರಿಪೇರಿಗೆ ವಿನಂತಿ – ಸೆ. 17".

"ಸರ್, ನಮಸ್ಕಾರ. ನೀವೂ ಮನೆಯವರೂ ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೇನೆ.

ಮಲಗುವ ಕೋಣೆಯ ಈಶಾನ್ಯ ಮೂಲೆಯಲ್ಲಿ ಮಳೆ ನೀರು ಇಳಿಯುತ್ತಿದೆ. ಸೆ. 8ರ ರಾತ್ರಿಯ ಮಳೆಯ ನಂತರ ಮೋಲ್ಡಿನಲ್ಲಿ ಒಂದು ಗೇಣಿನಷ್ಟು ತೇವ ಕಾಣಿಸಿತು. ಸೆ. 12ರ ಸಂಜೆ ಜೋರು ಮಳೆಯಾದ ಮೇಲೆ ರಾತ್ರಿಯಿಂದ ತೊಟ್ಟಿಕ್ಕತೊಡಗಿ ಮರುದಿನ ಮಧ್ಯಾಹ್ನಕ್ಕೆ ನಿಂತಿತು. ಈಗ ತೇವ ಸುಮಾರು ಎರಡು ಅಡಿ ಅಗಲವಿದೆ, ಫ್ಯಾನಿನ ಕೊಂಡಿಗೆ ಒಂದು ಅಡಿ ದೂರದಲ್ಲಿದೆ. 13ರಿಂದ 16ರವರೆಗೆ ಮಳೆ ಇರಲಿಲ್ಲ, ತೇವವೂ ಹರಡಲಿಲ್ಲ. ಒಂದು ರಾತ್ರಿ ವಾಲ್ವ್ ಮುಚ್ಚಿ ನೋಡಿದೆ, ಟ್ಯಾಂಕಿನ ನೀರು ಇಳಿದಿಲ್ಲ.

ತಾರಸಿಯಲ್ಲಿ ಅದೇ ಮೂಲೆಯ ಹತ್ತಿರ ಎರಡು ಬೆರಳು ನೀರು ನಿಂತಿತ್ತು. ಪೈಪಿನ ಬಾಯಲ್ಲಿದ್ದ ಎಲೆ, ಕಸ ತೆಗೆದಿದ್ದೇನೆ. ಒಳಗೂ ಕಟ್ಟಿದಂತಿದೆ, ನೀರು ನಿಧಾನವಾಗಿ ಹೋಗುತ್ತಿದೆ. ಪ್ಯಾರಾಪೆಟ್ ಗೋಡೆಯ ಬುಡದಲ್ಲಿ ಒಂದೂವರೆ ಅಡಿ ಉದ್ದದ ಬಿರುಕು ಕಾಣುತ್ತದೆ. ನಾಲ್ಕು ಫೋಟೊ ಜತೆಗಿಟ್ಟಿದ್ದೇನೆ.

ನಿಮ್ಮಲ್ಲಿ ಎರಡು ವಿನಂತಿ. ಮೊದಲನೆಯದು, ಸೆ. 21ರ ಒಳಗೆ ಮೇಸ್ತ್ರಿಯವರನ್ನು ಕಳಿಸಿ, ಪೈಪ್ ಬಿಡಿಸಿ ತಾತ್ಕಾಲಿಕವಾಗಿ ಸೋರಿಕೆ ನಿಲ್ಲಿಸಿಕೊಟ್ಟರೆ ಅನುಕೂಲವಾಗುತ್ತದೆ. ವೈರಿಂಗ್ ಹತ್ತಿರ ತೇವ ಬಂದಿರುವುದರಿಂದ ಆ ಕೋಣೆಯ ಎಂಸಿಬಿ ಇಳಿಸಿ, ಮಕ್ಕಳನ್ನು ಹಾಲ್‌ನಲ್ಲಿ ಮಲಗಿಸುತ್ತಿದ್ದೇವೆ. ಎರಡನೆಯದು, ಮಳೆ ಮುಗಿದು ತಾರಸಿ ಒಣಗಿದ ಮೇಲೆ ಪೂರ್ತಿ ವಾಟರ್‌ಪ್ರೂಫಿಂಗ್ ಮಾಡಿಸುವ ಬಗ್ಗೆ ಯೋಚಿಸಿ ತಿಳಿಸಿ.

ಬೆಳಿಗ್ಗೆ 10ರವರೆಗೆ ಮತ್ತು ಶನಿವಾರ, ಭಾನುವಾರ ಇಡೀ ದಿನ ಮನೆಯಲ್ಲಿರುತ್ತೇವೆ. ತಾರಸಿಯ ಬೀಗದ ಕೈ ನಮ್ಮಲ್ಲಿದೆ. ಯಾವ ದಿನ ಬರುತ್ತಾರೆಂದು ದಯವಿಟ್ಟು ತಿಳಿಸಿ.

ವಂದನೆಗಳೊಂದಿಗೆ."

ಕೆಳಗೆ ಹೆಸರು, ಮನೆ ನಂಬರ್, ಫೋನ್ ನಂಬರ್. ಅಷ್ಟೇ.

ಇದರಲ್ಲಿ ಮೇಸ್ತ್ರಿಗೆ ಕೆಲಸಕ್ಕೆ ಬರುವ ಮಾತುಗಳನ್ನು ಗಮನಿಸಿ. "ಮನೆ ಸೋರುತ್ತಿದೆ" ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ನಮ್ಮ ಭಾಷೆಯಲ್ಲಿ ನೀರಿಗೆ ಬೇಕಾದಷ್ಟು ಮಾತುಗಳಿವೆ. ಗೋಡೆ ಮುಟ್ಟಿದರೆ ತಣ್ಣಗಿದ್ದರೆ ತೇವ, ಮೈಮೇಲೆ ಹನಿ ಮೂಡಿದರೆ ಜಿನುಗುವುದು, ಕೆಳಗೆ ಪಾತ್ರೆ ಇಡಬೇಕಾದರೆ ತೊಟ್ಟಿಕ್ಕುವುದು. ಬಿಳಿ ಪುಡಿ ಎದ್ದಿದ್ದರೆ ಅದನ್ನೂ ಬರೆಯಿರಿ, ನೀರು ಬಹಳ ದಿನದಿಂದ ಓಡಾಡಿ ಒಳಗಿನ ಲವಣವನ್ನು ಹೊರಗೆ ತಂದಿದೆ ಅಂತ ಅದರ ಅರ್ಥ. ಕಂದು ಬಣ್ಣದ ಕಲೆ ಇದ್ದರೆ, ಪ್ಲಾಸ್ಟರ್ ಉಬ್ಬಿದ್ದರೆ ಖಂಡಿತ ಬರೆಯಬೇಕು. ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿಯುತ್ತಿರಬಹುದು. ತುಕ್ಕು ಹಿಡಿದ ಸರಳು ಊದಿಕೊಂಡು ಕಾಂಕ್ರೀಟನ್ನೇ ಸೀಳುತ್ತದೆ. ಅಂಥ ಜಾಗದ ಕೆಳಗೆ ಮಂಚ ಹಾಕಬೇಡಿ.

ಕೋರಿಕೆಯನ್ನು ಎರಡು ಭಾಗ ಮಾಡಿದ್ದಕ್ಕೂ ಕಾರಣವಿದೆ. ವಾಟರ್‌ಪ್ರೂಫಿಂಗ್ ಲೇಪನಗಳಲ್ಲಿ ಬಹಳಷ್ಟು ಹಸಿ ತಾರಸಿಗೆ ಸರಿಯಾಗಿ ಅಂಟುವುದಿಲ್ಲ. ಸೆಪ್ಟೆಂಬರ್ ಮಳೆಯ ನಡುವೆ "ಪೂರ್ತಿ ರಿಪೇರಿ ಮಾಡಿಸಿ" ಅಂದರೆ ಓನರ್ "ಮಳೆ ನಿಲ್ಲಲಿ" ಅನ್ನುತ್ತಾರೆ, ಆ ಮಾತು ನಿಜವೂ ಹೌದು. ಆದರೆ ಮಳೆ ನಿಂತ ಮೇಲೆ ತೇವ ಆರುತ್ತೆ, ಎಲ್ಲರಿಗೂ ಮರೆತು ಹೋಗುತ್ತೆ, ಮುಂದಿನ ಜೂನ್‌ಗೆ ಮತ್ತೆ ಅದೇ ಕಥೆ. ಈಗ ಆಗಬಹುದಾದ್ದನ್ನು ಈಗ ಕೇಳಿ, ಆಮೇಲೆ ಆಗಬೇಕಾದ್ದನ್ನು ಅದೇ ಪತ್ರದಲ್ಲಿ ಬರೆದಿಟ್ಟರೆ, ಜನವರಿಯಲ್ಲಿ ನೆನಪಿಸಲು ಒಂದು ಆಧಾರ ಇರುತ್ತೆ. ಒಳಗಿನಿಂದ ಸುಣ್ಣಬಣ್ಣ ಹೊಡೆಸಿಕೊಡುತ್ತೇವೆ ಅಂದರೆ ಮಾತ್ರ ಮೆತ್ತಗೆ ಬೇಡ ಅನ್ನಿ. ಅದರಿಂದ ಕಲೆ ಮುಚ್ಚುತ್ತೆ, ನೀರು ನಿಲ್ಲುವುದಿಲ್ಲ.

ಇನ್ನು ಧಾಟಿ. ವಿನಯ ಅಂದರೆ "ದಯವಿಟ್ಟು" ಅಂತ ಹತ್ತು ಸಲ ಬರೆಯುವುದಲ್ಲ, ಒಂದು ಸಲ ಸಾಕು. "ಸರಿಪಡಿಸತಕ್ಕದ್ದು" ಅಂದರೆ ಸರ್ಕಾರಿ ಸುತ್ತೋಲೆ ಆಗುತ್ತೆ. "ನೀವು ಸರಿಯಾಗಿ ಕಟ್ಟಿಸಿಲ್ಲ" ಅಂದರೆ ಜಗಳ. "ಕಳಿಸಿಕೊಟ್ಟರೆ ಅನುಕೂಲವಾಗುತ್ತದೆ" ಅನ್ನುವುದರಲ್ಲಿ ಕೋರಿಕೆಯೂ ಇದೆ, ಗೌರವವೂ ಇದೆ, ಪಕ್ಕದಲ್ಲಿ ತಾರೀಖು ಇರುವುದರಿಂದ ಗಟ್ಟಿತನವೂ ಇದೆ. ಕಸ ತೆಗೆದಿದ್ದೇನೆ, ಬೀಗದ ಕೈ ಕೊಡುತ್ತೇನೆ ಅಂತ ನಮ್ಮ ಪಾಲಿನ ಕೆಲಸ ಹೇಳಿದರೆ ದೂರಿನ ದನಿ ತಾನಾಗಿ ಇಳಿಯುತ್ತೆ.

ನನ್ನ ಕಸುಬಿನ ಕಡೆಯಿಂದ ಒಂದು ಸಣ್ಣ ಮಾತು. ಪತ್ರವನ್ನು ಯುನಿಕೋಡ್ ಕನ್ನಡದಲ್ಲೇ ಟೈಪ್ ಮಾಡಿ. ಹಳೆಯ ಡಿಟಿಪಿ ಫಾಂಟಿನಲ್ಲಿ ಬರೆದು ಅಂಟಿಸಿದರೆ ಆ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಜಿಮೇಲ್‌ನಲ್ಲಿ ಜತೆಗಿಡುವ ಕಡತಗಳ ಮಿತಿ ಒಟ್ಟು 25 ಎಂಬಿ. ಉದ್ದದ ವಿಡಿಯೊಗಿಂತ ನಾಲ್ಕು ಫೋಟೊ ವಾಸಿ: ಕೋಣೆಯ ಪೂರ್ತಿ ನೋಟ, ತೇವದ ಹತ್ತಿರದ ನೋಟ, ತಾರಸಿಯ ಮೂಲೆ, ಪೈಪಿನ ಬಾಯಿ.

ಕಾನೂನು ಏನನ್ನುತ್ತೆ ಅಂತ ಕೇಳುವವರಿಗೆ: 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನಲ್ಲಿ ಇದರ ಪ್ರಸ್ತಾಪವಿದೆ. ಮಾಲೀಕರು ಮಾಡಿಸಲೇಬೇಕಾದ ರಿಪೇರಿಯನ್ನು, ತಿಳಿಸಿದ ಮೇಲೂ ಸೂಕ್ತ ಸಮಯದೊಳಗೆ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಹಿಡಿಯಬಹುದು. ಆದರೆ "ಮಾಡಿಸಲೇಬೇಕಾದ ರಿಪೇರಿ" ಯಾವುದು ಅನ್ನುವುದಕ್ಕೆ ನಿಮ್ಮ ಅಗ್ರಿಮೆಂಟ್ ನೋಡಬೇಕು. ದೊಡ್ಡ ರಿಪೇರಿ ಯಾರದ್ದು, ನೋಟಿಸ್ ಯಾವ ರೀತಿ ಕೊಡಬೇಕು ಅಂತ ಅದರಲ್ಲಿ ಬರೆದಿದ್ದರೆ ಅದನ್ನೇ ಅನುಸರಿಸಿ. ವಕೀಲರನ್ನು ಕೇಳದೆ ಬಾಡಿಗೆ ಹಿಡಿಯಲು ಹೋಗಬೇಡಿ. ಮೊದಲ ಪತ್ರದಲ್ಲಿ ಕಾಯ್ದೆಯ ಹೆಸರೇ ಬೇಡ. ತಿಳಿಸಿದ್ದೇವೆ ಅನ್ನುವುದಕ್ಕೆ ಅದರ ಮೇಲಿನ ತಾರೀಖೇ ಸಾಕ್ಷಿ. ಉತ್ತರ ಬರದಿದ್ದರೆ ನಾಲ್ಕೈದು ದಿನ ಬಿಟ್ಟು, ಹೊಸ ಮೇಲ್ ಬರೆಯದೆ ಅದೇ ಮೇಲ್‌ಗೆ ಉತ್ತರವಾಗಿ, "ಸರ್, 17ರ ಪತ್ರದ ಬಗ್ಗೆ ನೆನಪಿಸುತ್ತಿದ್ದೇನೆ, ನಿನ್ನೆಯ ಮಳೆಗೆ ತೇವ ಫ್ಯಾನಿನವರೆಗೆ ಬಂದಿದೆ" ಅಂತ ಎರಡೇ ಸಾಲು ಬರೆಯಿರಿ.

ನಮ್ಮ ಓನರ್ ಮಾರನೇ ದಿನವೇ ಪತ್ರವನ್ನು ಮಗನಿಗೂ ಮೇಸ್ತ್ರಿಗೂ ಹಾಗೇ ದಾಟಿಸಿದ್ದರು. ಮೇಸ್ತ್ರಿ 20ಕ್ಕೆ ಬಂದಾಗ ಪೈಪ್ ಬಿಡಿಸುವ ಕಬ್ಬಿಣದ ಸರಳು, ಬಿರುಕಿಗೆ ತುಂಬುವ ಸಾಮಾನು ಎಲ್ಲ ಕೈಯಲ್ಲೇ ಇತ್ತು. "ಫೋಟೊ ನೋಡ್ಕಂಡೇ ಬಂದೆ ಸಾರ್, ಎರಡು ಸಲ ಓಡಾಡೋದು ಉಳೀತು" ಅಂದರು. ಪೂರ್ತಿ ಕೆಲಸ ಆಗಿದ್ದು ಜನವರಿಯಲ್ಲಿ. ಬಿರುಕನ್ನು ಅಗಲವಾಗಿ ಕೆತ್ತಿ ತುಂಬಿ, ಗೋಡೆಯೂ ತಾರಸಿಯೂ ಸೇರುವ ಮೂಲೆಗೆ ಗಾರೆಯಿಂದ ದುಂಡಗೆ ಇಳಿಜಾರು ಕೊಟ್ಟು, ಮೇಲೆ ಎರಡು ಕೋಟ್ ಲೇಪನ ಹೊಡೆದರು. ಅದು ಒಣಗಿದ ಮೇಲೆ ಪೈಪಿನ ಬಾಯಿ ಮುಚ್ಚಿ, ಎರಡು ಅಂಗುಲ ನೀರು ನಿಲ್ಲಿಸಿ, ಒಂದು ಹಗಲು ಒಂದು ರಾತ್ರಿ ಬಿಟ್ಟು ಕೆಳಗಿನಿಂದ ಮೋಲ್ಡ್ ನೋಡಿದೆವು. ಒಣಗಿಯೇ ಇತ್ತು. ನಿಮ್ಮ ಮನೆಯಲ್ಲೂ ದುಡ್ಡು ಪೂರ್ತಿ ಕೊಡುವ ಮುಂಚೆ ಈ ಪರೀಕ್ಷೆ ಮಾಡಿಸಲು ಹೇಳಿ.

ಕೆಲಸ ಮುಗಿದ ದಿನ ಅದೇ ಮೇಲ್‌ಗೆ ಇನ್ನೊಂದು ಉತ್ತರ ಬರೆದೆ: ಯಾವ ದಿನ ಏನೇನು ಮಾಡಿದರು, ನೀರು ನಿಲ್ಲಿಸಿ ನೋಡಿದ್ದು, ಕೊನೆಗೆ ಒಂದು ಧನ್ಯವಾದ. ನಾವು ಮನೆ ಖಾಲಿ ಮಾಡುವ ದಿನ ಮೋಲ್ಡಿನ ಹಳೆಯ ಕಲೆ ಯಾರದ್ದು ಅನ್ನುವ ಪ್ರಶ್ನೆ ಅಡ್ವಾನ್ಸ್ ಲೆಕ್ಕದಲ್ಲಿ ಎದ್ದರೆ, ಉತ್ತರ ಆ ಮೇಲ್‌ನಲ್ಲೇ ಇದೆ.