ಕಪಾಟಿನೊಳಗಿನ ಪುಸ್ತಕ ಓದು ಕಲಿಸುತ್ತದೆಯೇ?



ಕತೆ ಪುಸ್ತಕ ಓದಿದರೆ ಭಾಷೆ ಬೆಳೆಯುತ್ತದೆ ಅಂತ ನಿಮಗೆ ಎಲ್ಲರೂ ಹೇಳಿರುತ್ತಾರೆ. ವಿಜ್ಞಾನ ಕಲಿಯುವ ನೀವು ಅದನ್ನು ಹಾಗೇ ಒಪ್ಪಿಕೊಳ್ಳಬೇಕಿಲ್ಲ. ಯಾರಾದರೂ ಪರೀಕ್ಷೆ ಮಾಡಿ ನೋಡಿದ್ದಾರಾ ಅಂತ ಕೇಳಬಹುದು. ಕೇಳುವುದಕ್ಕೆ ಕಾರಣವೂ ಇದೆ. ಪ್ರತಿ ತರಗತಿಯಲ್ಲೂ ಚೆನ್ನಾಗಿ ಓದಬಲ್ಲವರೇ ಹೆಚ್ಚು ಪುಸ್ತಕ ಓದುತ್ತಾರೆ. ಹೆಚ್ಚು ಓದಿದ್ದರಿಂದ ಅವರಿಗೆ ಓದು ಬಂತೋ, ಓದು ಬರುತ್ತದೆ ಅಂತ ಹೆಚ್ಚು ಓದುತ್ತಾರೋ? ಬರೀ ನೋಡುತ್ತಾ ಕೂತರೆ ತಿಳಿಯುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ ಏಳು ವರ್ಷದ ಸಾವಿರಾರು ಅವಳಿ ಮಕ್ಕಳನ್ನು ಹೋಲಿಸಿ ನೋಡಿದವರು 2018ರಲ್ಲಿ ಹೇಳಿದ್ದು ಎರಡನೆಯದನ್ನೇ: ಆ ವಯಸ್ಸಿನಲ್ಲಿ ಸಲೀಸಾಗಿ ಓದಲು ಬಂದ ಮಕ್ಕಳು ತಾವಾಗಿಯೇ ಪುಸ್ತಕ ಹಿಡಿಯುತ್ತಾರೆ, ಓದು ಕಷ್ಟವಾದವರು ದೂರ ಇಡುತ್ತಾರೆ.

ಹಾಗಾದರೆ ಪುಸ್ತಕ ಕೊಟ್ಟರೆ ಏನಾಗುತ್ತದೆ ಅಂತ ತಿಳಿಯಲು ಪ್ರಯೋಗವೇ ಬೇಕು. ಗೊಬ್ಬರದ ಗುಣ ತಿಳಿಯಲು ಒಂದು ಮಡಿಗೆ ಗೊಬ್ಬರ ಹಾಕಿ ಪಕ್ಕದ ಮಡಿಯನ್ನು ಹಾಗೇ ಬಿಡುತ್ತೇವಲ್ಲ, ಹಾಗೆ. ಅಂಥ ಮೂರು ಪ್ರಯೋಗಗಳನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲನೆಯದು ಫಿಜಿ ದ್ವೀಪಗಳದ್ದು. ಅಲ್ಲಿನ ಹಳ್ಳಿ ಮಕ್ಕಳು ಮನೆಯಲ್ಲಿ ಫಿಜಿಯನ್ ಇಲ್ಲವೇ ಹಿಂದಿ ಆಡುತ್ತಾರೆ, ಶಾಲೆಯಲ್ಲಿ ಇಂಗ್ಲಿಷ್ ಓದುತ್ತಾರೆ. 1980ರಲ್ಲಿ ವಾರ್ವಿಕ್ ಎಲೀ ಮತ್ತು ಫ್ರಾನ್ಸಿಸ್ ಮಂಗೂಭಾಯಿ ಎಂಬ ಇಬ್ಬರು ಸಂಶೋಧಕರು ಎಂಟು ಶಾಲೆಗಳ ನಾಲ್ಕು ಮತ್ತು ಐದನೇ ತರಗತಿಗಳಿಗೆ ಚಿತ್ರಗಳಿರುವ 250 ಕತೆ ಪುಸ್ತಕ ಕೊಟ್ಟರು. ಇನ್ನು ನಾಲ್ಕು ಶಾಲೆಗಳಲ್ಲಿ ಎಂದಿನ ಪಾಠವೇ ನಡೆಯಿತು. ಪುಸ್ತಕ ಸಿಕ್ಕ ಕೆಲವು ತರಗತಿಗಳಲ್ಲಿ ಮಕ್ಕಳು ದಿನವೂ ಸುಮ್ಮನೆ ಕೂತು ತಮಗೆ ಬೇಕಾದ್ದನ್ನು ಓದಿದರು. ಉಳಿದವುಗಳಲ್ಲಿ ಮೇಷ್ಟ್ರು ದೊಡ್ಡದಾಗಿ ಓದಿ, ಮಕ್ಕಳ ಜೊತೆ ಕತೆಯ ಬಗ್ಗೆ ಮಾತಾಡಿದರು. ಎಂಟು ತಿಂಗಳಾದ ಮೇಲೆ ನೋಡಿದರೆ, ಓದಿ ಅರ್ಥ ಮಾಡಿಕೊಳ್ಳುವುದರಲ್ಲಿ ಈ ಮಕ್ಕಳು ಎಂದಿನ ಎರಡರಷ್ಟು ವೇಗದಲ್ಲಿ ಮುಂದೆ ಹೋಗಿದ್ದರು. ಇಪ್ಪತ್ತು ತಿಂಗಳ ಹೊತ್ತಿಗೆ ಆ ಲಾಭ ಇನ್ನೂ ಹೆಚ್ಚಿ, ಭಾಷೆಯ ಬೇರೆ ಕೌಶಲಗಳಿಗೂ ಹರಡಿತ್ತು.

ಎರಡನೆಯದು ನಮಗೆ ಹತ್ತಿರದ್ದು, ಕರ್ನಾಟಕದ್ದು. ಅಕ್ಷರ ಫೌಂಡೇಶನ್ ಅಲ್ಲಿ ಶಾಲಾ ಗ್ರಂಥಾಲಯಗಳ ಕಾರ್ಯಕ್ರಮ ನಡೆಸಿತು. ಕೆಲವು ಶಾಲೆಗಳಲ್ಲಿ ಗ್ರಂಥಾಲಯ ಅಲ್ಲೇ ಇತ್ತು. ಇನ್ನು ಕೆಲವಕ್ಕೆ ಗ್ರಂಥಪಾಲಕರು ಬಂದು ಹೋಗುತ್ತಿದ್ದರು. ಯಾವ ಶಾಲೆಗೆ ಕಾರ್ಯಕ್ರಮ ಸಿಗಬೇಕು ಎಂಬುದನ್ನು ಚೀಟಿ ಎತ್ತಿದ ಹಾಗೆ ಆಯ್ದಿದ್ದರು, ಆದ್ದರಿಂದ ಹೋಲಿಕೆ ನ್ಯಾಯವಾದದ್ದು. 16 ತಿಂಗಳ ನಂತರ ಭಾಷಾ ಪರೀಕ್ಷೆ ಮಾಡಿದರು. ಒಟ್ಟಾರೆ ನೋಡಿದರೆ ಕಾರ್ಯಕ್ರಮ ಸಿಕ್ಕ ಮಕ್ಕಳಿಗೂ ಸಿಗದ ಮಕ್ಕಳಿಗೂ ವ್ಯತ್ಯಾಸವೇ ಕಾಣಲಿಲ್ಲ. ಗ್ರಂಥಪಾಲಕರು ಬಂದು ಹೋಗುತ್ತಿದ್ದ ಶಾಲೆಗಳ ಅಂಕ ಸ್ವಲ್ಪ ಇಳಿದೇ ಇತ್ತು. 2012ರಲ್ಲಿ ಈ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದರು. ಅದು ನಮಗೆ ಬಹಳ ಉಪಯೋಗದ ಫಲಿತಾಂಶ.

ಮೂರನೆಯದು ಫಿಲಿಪೀನ್ಸ್‌ನದು. ತಾರ್ಲಾಕ್ ಪ್ರಾಂತ್ಯದ 100 ಶಾಲೆಗಳಲ್ಲಿ ಅರ್ಧದಷ್ಟಕ್ಕೆ ಮಕ್ಕಳ ಪುಸ್ತಕ ಕೊಟ್ಟು, ಶಿಕ್ಷಕರಿಗೆ ತರಬೇತಿ ಕೊಟ್ಟರು. ನಾಲ್ಕನೇ ತರಗತಿಯ ಮಕ್ಕಳು 31 ದಿನ ಶಾಲೆಯಲ್ಲೇ ಓದುವ ಹಬ್ಬ ನಡೆಸಿದರು. ಓದು ಸುಧಾರಿಸಿತು. ಆದರೆ ಮೂರು ತಿಂಗಳು ಬಿಟ್ಟು ನೋಡಿದಾಗ ಆ ಲಾಭದಲ್ಲಿ ಸುಮಾರು ಅರ್ಧ ಮಾತ್ರ ಉಳಿದಿತ್ತು.

ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೂರೂ ಕಡೆ ಪುಸ್ತಕ ಇತ್ತು, ಆದರೆ ಫಲಿತಾಂಶ ಮೂರು ಬಗೆ. ಅಂದಮೇಲೆ ಫಲ ಕೊಟ್ಟದ್ದು ಪುಸ್ತಕವೊಂದೇ ಅಲ್ಲ. ಫಿಜಿ ಮತ್ತು ಫಿಲಿಪೀನ್ಸ್‌ಗಳಲ್ಲಿ ದಿನದ ವೇಳಾಪಟ್ಟಿಯಲ್ಲೇ ಓದಿಗೆ ಜಾಗ ಇತ್ತು, ತರಗತಿಯ ಶಿಕ್ಷಕರೇ ಅದರಲ್ಲಿ ಸೇರಿದ್ದರು. ಓದುವ ಹೊತ್ತು ನಿಂತಾಗ ಲಾಭವೂ ಕರಗತೊಡಗಿತು. ಗ್ರಂಥಾಲಯವನ್ನು ಅಳೆಯಬೇಕಾದ್ದು ಪುಸ್ತಕಗಳ ಸಂಖ್ಯೆಯಿಂದ ಅಲ್ಲ, ಮಕ್ಕಳು ಓದಿದ ನಿಮಿಷಗಳಿಂದ ಎಂಬುದು ನನ್ನ ಅಭಿಪ್ರಾಯ.

ನಿಮಿಷಗಳಿಗೆ ಯಾಕೆ ಇಷ್ಟು ಬೆಲೆ? ಒಂದು ಲೆಕ್ಕ ಮಾಡೋಣ. ಅಮೆರಿಕದ ಮಕ್ಕಳ ಮೇಲೆ 1987ರಲ್ಲಿ ನಡೆದ ಅಧ್ಯಯನದ ಪ್ರಕಾರ, ಓದುವಾಗ ಎದುರಾದ ಗೊತ್ತಿಲ್ಲದ 20 ಪದಗಳಲ್ಲಿ ಸುಮಾರು ಒಂದರ ಅರ್ಥ, ಯಾರೂ ಹೇಳಿಕೊಡದೆಯೇ, ಸಂದರ್ಭದಿಂದ ಮನಸ್ಸಿನಲ್ಲಿ ಉಳಿಯುತ್ತದೆ. ಬಹಳ ಕಡಿಮೆ ಅನ್ನಿಸುತ್ತದೆ ಅಲ್ವಾ? ಈಗ ನೀವು ನಿಮಿಷಕ್ಕೆ 60 ಪದದಂತೆ ದಿನಾ 20 ನಿಮಿಷ ಓದುತ್ತೀರಿ ಅಂತ ಇಟ್ಟುಕೊಳ್ಳಿ. ದಿನಕ್ಕೆ 1,200 ಪದ, 200 ಶಾಲಾ ದಿನಗಳಿಗೆ 2,40,000 ಪದ. ನೂರಕ್ಕೆ ಎರಡು ಪದ ಹೊಸದಾದರೆ 4,800 ಸಲ ಹೊಸ ಪದ ಎದುರಾಗುತ್ತದೆ. ಇಪ್ಪತ್ತಕ್ಕೆ ಒಂದರಂತೆ ವರ್ಷಕ್ಕೆ 240 ಪದ ನಿಮ್ಮವಾಗುತ್ತವೆ. ಅದೇ, ವಾರಕ್ಕೊಂದು ಲೈಬ್ರರಿ ಪೀರಿಯಡ್ ಮಾತ್ರ ಇದ್ದು, ಪುಸ್ತಕ ಹಂಚಿ ವಾಪಸ್ ಪಡೆದು ಉಳಿಯುವುದು 20 ನಿಮಿಷ ಆದರೆ? 40 ವಾರಕ್ಕೆ 48,000 ಪದ ಓದಿ, ಸಿಗುವುದು 48 ಹೊಸ ಪದ. ಪದಕ್ಕೆ ಪ್ರತ್ಯಯ ಅಂಟಿಸುವ ಕನ್ನಡದಲ್ಲಿ ಸಂಖ್ಯೆ ಬೇರೆಯಾಗಬಹುದು. ಆದರೆ ಓದಿದ ಹೊತ್ತು ಐದು ಪಟ್ಟಾದರೆ ಎದುರಾಗುವ ಪದಗಳೂ ಐದು ಪಟ್ಟಾಗುತ್ತವೆ ಎಂಬುದು ಬದಲಾಗದು.

ಇದು ನಿಮಗೆ ಹೆಚ್ಚು ಅನ್ವಯಿಸುತ್ತದೆ. ಕಾಸರಗೋಡಿನ ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳಂ, ಅಕ್ಕಲಕೋಟೆಯ ಬಜಾರಿನಲ್ಲಿ ಮರಾಠಿ, ಆದೋನಿಯಲ್ಲಿ ತೆಲುಗು, ತಾಳವಾಡಿಯ ಬಸ್ಸಿನ ಫಲಕದಲ್ಲಿ ತಮಿಳು. ಕರ್ನಾಟಕದ ಮಗು ರಸ್ತೆಯ ಫಲಕಗಳಲ್ಲೇ ಒಂದಿಷ್ಟು ಕನ್ನಡ ಓದಿಬಿಡುತ್ತದೆ. ನಿಮಗೆ ಬರೆದ ಕನ್ನಡ ಸಿಗುವುದು ಹೆಚ್ಚಾಗಿ ಪುಸ್ತಕದಲ್ಲೇ. ಈ ವಿಷಯದಲ್ಲಿ ನಿಮ್ಮ ಸ್ಥಿತಿ ಫಿಜಿಯ ಮಕ್ಕಳಿಗೆ ಹತ್ತಿರ.

ಆದರೆ ಕಷ್ಟದ ಪುಸ್ತಕ ಹಿಡಿದು ಕೂತರೆ ಈ ಲೆಕ್ಕ ನಡೆಯುವುದಿಲ್ಲ. ಗೊತ್ತಿಲ್ಲದ ಪದ ಬಹಳ ಇದ್ದರೆ ಸಂದರ್ಭವೇ ಅರ್ಥವಾಗದು, ಆಗ ಪದದ ಅರ್ಥ ಊಹಿಸುವುದು ಹೇಗೆ? ಒಂದು ಪುಟ ತೆರೆದು ಓದಿ, ಗೊತ್ತಿಲ್ಲದ ಪದ ಬಂದಾಗಲೆಲ್ಲ ಒಂದೊಂದು ಬೆರಳು ಮಡಚಿ. ಪುಟ ಮುಗಿಯುವ ಮುಂಚೆ ಐದೂ ಬೆರಳು ಮಡಚಿದರೆ ಆ ಪುಸ್ತಕ ಸದ್ಯಕ್ಕೆ ಬೇಡ. ಏಳನೇ ತರಗತಿಯವರು ಮೂರನೆಯವರ ಕತೆ ಓದಿದರೆ ನಾಚಿಕೆಪಡಬೇಕಾಗಿಲ್ಲ. ಓದು ಕಷ್ಟವಾದವರು ಪುಸ್ತಕವನ್ನು ದೂರ ಇಡುವ ಸುತ್ತು ಮುರಿಯುವುದು ಅಲ್ಲಿಂದಲೇ.

ನಿಮ್ಮ ಶಾಲೆಯಲ್ಲಿ ಏನು ನಡೆಯುತ್ತಿದೆ ಅಂತ ನೀವೇ ಪರೀಕ್ಷಿಸಬಹುದು. ಮೇಷ್ಟ್ರನ್ನೋ ಟೀಚರನ್ನೋ ಕೇಳಿ ಪುಸ್ತಕ ಕೊಡುವ ರಿಜಿಸ್ಟರ್ ತೆಗೆದುಕೊಳ್ಳಿ. ಒಂದು ತಿಂಗಳಲ್ಲಿ ನಿಮ್ಮ ತರಗತಿಯ ಎಷ್ಟು ಹೆಸರು ಅದರಲ್ಲಿವೆ? ಅವೇ ನಾಲ್ಕೈದು ಹೆಸರು ಮತ್ತೆ ಮತ್ತೆ ಬಂದಿವೆಯೇ? ಕೊಟ್ಟ ದಿನವೇ ಎಲ್ಲ ಪುಸ್ತಕ ವಾಪಸ್ ಬಂದಿವೆಯೇ? ಹಾಗಿದ್ದರೆ ಪುಸ್ತಕ ಮನೆಗೆ ಹೋಗುತ್ತಿಲ್ಲ. ಪುಸ್ತಕ ಹರಿದೀತು, ಕಳೆದೀತು ಎಂಬ ಹೆದರಿಕೆಯಿಂದ ಬೀಗ ಹಾಕಿಡುವುದುಂಟು. ಹರಿದ ಪುಸ್ತಕಕ್ಕೆ ಅಂಟು ಹಚ್ಚಬಹುದು, ಓದದ ವರ್ಷವನ್ನು ಸರಿಮಾಡಲಾಗದು.

ಎಣಿಸಿದ್ದನ್ನು ಒಂದು ಹಾಳೆಯಲ್ಲಿ ಬರೆದು ಮುಖ್ಯೋಪಾಧ್ಯಾಯರಿಗೆ ಕೊಡಿ. ದಿನಕ್ಕೆ 20 ನಿಮಿಷ, ನಾವೇ ಆರಿಸಿಕೊಂಡ ಪುಸ್ತಕ, ಮನೆಗೆ ಒಯ್ಯುವ ಅನುಮತಿ: ಈ ಮೂರನ್ನು ಕೇಳಿ. ಮೂರು ತಿಂಗಳ ನಂತರ ರಿಜಿಸ್ಟರ್‌ನಲ್ಲಿ ಮತ್ತೆ ಹೆಸರು ಎಣಿಸಿ ನೋಡಿ.