ಕ್ಯಾಟಲಾಗ್ ಇದ್ದರೆ ಸಾಲದು, ಲೆಕ್ಕದ ಪುಸ್ತಕವೂ ಬೇಕು

2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ನಮಗೆಲ್ಲ ನೆನಪಿದೆ. ಆಗ ಹಲವರು ಹೇಳಿದ್ದು ಒಂದೇ ಮಾತು: ಖಾತೆಗೆ ಬಂದ ಹಣವೆಲ್ಲ ವ್ಯಾಪಾರದ್ದಲ್ಲ, ಕೈಸಾಲ, ಮನೆಯವರು ಕಳಿಸಿದ್ದೂ ಸೇರಿದೆ ಅಂತ. ಮಾತು ಸರಿ. ಆದರೆ ಬರೆದಿಟ್ಟ ಲೆಕ್ಕ ಇಲ್ಲದವರಿಗೆ ಅದನ್ನು ತೋರಿಸುವುದೇ ಕಷ್ಟವಾಯಿತು. ಮನೆಯಲ್ಲೇ ಅಡುಗೆ ಮಾಡಿ ವಾಟ್ಸಾಪ್‌ನಲ್ಲಿ ಮಾರುವ ನಮ್ಮ ಹೆಣ್ಣುಮಕ್ಕಳಿಗೆ ಇದರಲ್ಲಿ ಪಾಠವಿದೆ.

ವಾಟ್ಸಾಪ್ ಬಿಸಿನೆಸ್‌ನ ಕ್ಯಾಟಲಾಗ್‌ನಲ್ಲಿ ಪತ್ತಿರಿ, ಬಿರಿಯಾನಿಯ ಫೋಟೊ, ದರ ಹಾಕುವುದು ಸುಲಭ. ಗಿರಾಕಿ ಬೇಕಾದ್ದನ್ನು ಕಾರ್ಟ್‌ಗೆ ಸೇರಿಸಿ ಕಳಿಸುತ್ತಾರೆ. ಎಡವುವುದು ಇಲ್ಲೇ. ಕಾರ್ಟ್ ಬಂತು ಅಂದರೆ ಆರ್ಡರ್ ಆಯಿತು ಅಂತ ನಾವು ತಿಳಿಯುತ್ತೇವೆ. ಆದರೆ ಯಾವ ದಿನ, ಎಷ್ಟು ಹೊತ್ತಿಗೆ ಬೇಕು ಅಂತ ಕಾರ್ಟ್ ಕೇಳುವುದಿಲ್ಲ. ನಮ್ಮ ಡೇಗ್ಚಿಯಲ್ಲಿ ಎಷ್ಟು ಉಳಿದಿದೆ ಅನ್ನುವುದೂ ಅದಕ್ಕೆ ಗೊತ್ತಿಲ್ಲ. ಹತ್ತು ಜನ ಕಳಿಸಿದರೆ ಹತ್ತನ್ನೂ ತಂದು ಹಾಕುತ್ತದೆ.

ಶಿರಾ ಗೇಟ್ ಕಡೆಯ ಒಂದು ಮನೆ ಅಂತಿಟ್ಟುಕೊಳ್ಳೋಣ. ಶುಕ್ರವಾರಕ್ಕೆ ಒಂದೇ ಡೇಗ್ಚಿ, 4 ಕಿಲೋ ಅಕ್ಕಿಯ ಬಿರಿಯಾನಿ. ಅರ್ಧ ಕಿಲೋ ಲೆಕ್ಕದಲ್ಲಿ 8 ಪಾರ್ಸೆಲ್, ಒಂದಕ್ಕೆ 400 ರೂಪಾಯಿ. ಗುರುವಾರ ಸಂಜೆಯೊಳಗೆ ಕಾರ್ಟ್‌ಗಳಲ್ಲಿ 6 ಪಾರ್ಸೆಲ್ ಬಂದವು. ರಾತ್ರಿ ಹಳೇ ಗಿರಾಕಿಯೊಬ್ಬರು ವಾಯ್ಸ್ ಮೆಸೇಜಿನಲ್ಲಿ, "ನನಗೆ ಇನ್ನೊಂದು ಸೇರಿಸಿ" ಅಂದರು. ಗುಬ್ಬಿಯ ನೆಂಟರು ಯಜಮಾನರ ಫೋನಿಗೆ 2 ಹೇಳಿದರು. ಒಟ್ಟು 9. ಮೂರೂ ಮೂರು ಕಡೆ ಇದ್ದುದರಿಂದ ಯಾರೂ ಕೂಡಿಸಿ ನೋಡಲಿಲ್ಲ. ಜುಮಾ ಮುಗಿಸಿ ಬಂದ ಕೊನೆಯ ಗಿರಾಕಿ ಬರಿಗೈಯಲ್ಲಿ ಹೋದರು. 400 ರೂಪಾಯಿ ಹೋದದ್ದಕ್ಕಿಂತ ಆ ಮನೆ ಮತ್ತೆ ಕೇಳುವುದಿಲ್ಲ ಅನ್ನುವುದೇ ದೊಡ್ಡ ನಷ್ಟ.

ಇದಕ್ಕೆ ದಾರಿ ಆ್ಯಪ್‌ಗಿಂತ ಮುಂಚೆ ಪುಸ್ತಕದಲ್ಲಿದೆ. ದಿನಕ್ಕೊಂದು ಪುಟ, ಮೇಲೆ ದೊಡ್ಡದಾಗಿ "ಶುಕ್ರವಾರ, 8". ಕೆಳಗೆ 1ರಿಂದ 8ರವರೆಗೆ ಗೆರೆ. ಎಲ್ಲಿಂದ ಆರ್ಡರ್ ಬಂದರೂ ಒಂದು ಪಾರ್ಸೆಲ್‌ಗೆ ಒಂದು ಗೆರೆ. ಅದರಲ್ಲಿ ಹೆಸರು, ಹೊತ್ತು, ಮುಂಗಡ, ಬಾಕಿ. ಗೆರೆ ಮುಗಿದ ಕೂಡಲೇ ಕ್ಯಾಟಲಾಗ್‌ನಲ್ಲಿ ಆ ಐಟಂ ಮರೆಮಾಡಬೇಕು. ಅಳಿಸಬೇಕಿಲ್ಲ, ಶನಿವಾರ ಮತ್ತೆ ತೋರಿಸಿದರಾಯಿತು. ಯಜಮಾನರ ಫೋನಿಗೆ ಬಂದ ಆರ್ಡರನ್ನು ಅಲ್ಲೇ ಒಪ್ಪಿಕೊಳ್ಳದೆ ವ್ಯಾಪಾರದ ನಂಬರಿಗೇ ಕಳಿಸಲು ಹೇಳಬೇಕು.

ಗೆರೆಯಲ್ಲಿ ಬರೆದ ಮೇಲಷ್ಟೇ ಉತ್ತರ ಕೊಡಿ: "ಆರ್ಡರ್ 5. ಬಿರಿಯಾನಿ ಅರ್ಧ ಕಿಲೋ ಒಂದು, ಶುಕ್ರವಾರ ಮಧ್ಯಾಹ್ನ 1.30. ಒಟ್ಟು 400, ಮುಂಗಡ 200 ಬಂದ ಮೇಲೆ ಖಾತ್ರಿ." ಇದನ್ನು ಕ್ವಿಕ್ ರಿಪ್ಲೈ ಆಗಿ ಉಳಿಸಿದರೆ `/` ಒತ್ತಿದಾಗ ಬರುತ್ತದೆ, ಸಂಖ್ಯೆ ಮಾತ್ರ ಬದಲಿಸಿದರೆ ಸಾಕು. ವಾಯ್ಸ್ ಮೆಸೇಜಿಗೂ ಬರಹದಲ್ಲೇ ಉತ್ತರ ಕೊಟ್ಟರೆ ನಾಳೆ "ನಾನು ಎರಡು ಹೇಳಿದ್ದೆ" ಅನ್ನುವ ಜಗಳ ಇಲ್ಲ.

ಲೇಬಲ್ ಹಾಕುವಾಗಲೂ ಒಂದು ಎಚ್ಚರ. ಹಣ ಬಂತು ಅಂತ ಇಡೀ ಚಾಟಿಗೆ ಲೇಬಲ್ ಹಾಕಿದರೆ, ಅದೇ ಗಿರಾಕಿ ಮುಂದಿನ ವಾರ ಆರ್ಡರ್ ಮಾಡಿದಾಗಲೂ ಹಣ ಬಂದಂತೆಯೇ ಕಾಣುತ್ತದೆ. ಅದರ ಬದಲು ಆರ್ಡರಿನ ಮೆಸೇಜನ್ನು ಒತ್ತಿಹಿಡಿದು ಅದಕ್ಕೇ ಲೇಬಲ್ ಹಾಕಿ. ಹಣ ಬಂದದ್ದಕ್ಕೆ ಗಿರಾಕಿ ಕಳಿಸುವ ಸ್ಕ್ರೀನ್‌ಶಾಟ್ ಸಾಕ್ಷಿಯಲ್ಲ. ನಮ್ಮ ಬ್ಯಾಂಕ್ ಖಾತೆಯಲ್ಲಿ ಕಂಡ ಮೇಲೆ ಪುಸ್ತಕದಲ್ಲಿ ಟಿಕ್ ಹಾಕಬೇಕು.

ಈಗ ನೋಟಿಸಿನ ಮಾತಿಗೆ ಬರೋಣ. ಆಗ ಎದ್ದ ಚರ್ಚೆಯಲ್ಲಿ ಜಿಎಸ್‌ಟಿ ನೋಂದಣಿಯ ಮಿತಿ ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ವಹಿವಾಟು. ನಮ್ಮ ಮನೆಯ 8 ಪಾರ್ಸೆಲ್‌ನ ಶುಕ್ರವಾರಗಳು ವರ್ಷಕ್ಕೆ 1,66,400 ರೂಪಾಯಿ. ಮಿತಿಯ ಹತ್ತಿರವೂ ಇಲ್ಲ. ಆದರೆ ಅದೇ ಖಾತೆಗೆ ಗಲ್ಫಿನಿಂದ ಮಗ ಕಳಿಸುವ ಹಣ, ಚಿಟ್ ಫಂಡಿನ ಹಣ ಎಲ್ಲ ಬಿದ್ದರೆ ಯಾವುದು ಬಿರಿಯಾನಿಯದು ಅಂತ ವರ್ಷಗಳ ನಂತರ ಹೇಳುವವರು ಯಾರು? ವ್ಯಾಪಾರಕ್ಕೆ ಬೇರೆ ಖಾತೆ, ಅದರ ಕ್ಯೂಆರ್ ಮಾತ್ರ ಗಿರಾಕಿಗೆ. ಜಿಎಸ್‌ಟಿ ಬೇಡವೆಂದರೂ ಆಹಾರ ಮಾರುವವರಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕೇ ಬೇಕು. ಅದರ 14 ಅಂಕಿಯ ಸಂಖ್ಯೆಯನ್ನು ಕ್ಯಾಟಲಾಗ್‌ನಲ್ಲೂ ಬರೆದಿಡಿ.

ಫೋನು ಕಳೆದುಹೋಗಬಹುದು, ಚಾಟ್ ಅಳಿಸಿಹೋಗಬಹುದು. ಪ್ರತಿ ರಾತ್ರಿ ಪುಸ್ತಕದ ಟಿಕ್‌ಗಳನ್ನೂ ಖಾತೆಯ ಜಮೆಯನ್ನೂ ತಾಳೆ ನೋಡಲು ಹತ್ತು ನಿಮಿಷ ಸಾಕು. ಎರಡೂ ಕೂಡದಿದ್ದರೆ ಕಾರಣ ಅದೇ ದಿನ ಸಿಗುತ್ತದೆ, ತಿಂಗಳಾದ ಮೇಲೆ ಸಿಗುವುದಿಲ್ಲ.