ಊರಿನ ಹಬ್ಬವೂ ರಜೆಯ ಪಟ್ಟಿಯೂ

ಚೌತಿ ಹತ್ತಿರ ಬಂತೆಂದರೆ ನಮ್ಮ ಹೋಟೆಲುಗಳಲ್ಲಿ ಪ್ರತಿವರ್ಷವೂ ಒಂದೇ ನಾಟಕ. ಹಬ್ಬಕ್ಕೆ ಹತ್ತು ದಿನವಿರುವಾಗ ಒಬ್ಬೊಬ್ಬರಾಗಿ ಗಲ್ಲೆಯ ಬಳಿ ಹೋಗಿ ತಲೆ ಕೆರೆಯುತ್ತ ನಿಲ್ಲುತ್ತೇವೆ. ಮೊದಲು ಕೇಳಿದವನಿಗೆ "ಆಗಲಿ, ನೋಡುವ" ಎಂಬ ಉತ್ತರ, ಐದನೆಯವನಿಗೆ ಬೈಗುಳ. ಈ ಲೇಖಕನೂ ದೋಸೆಕಲ್ಲಿನ ಮುಂದೆ ನಿಂತಿದ್ದ ಕಾಲದಲ್ಲಿ "ನೋಡುವ" ಎಂಬ ಮಾತನ್ನೇ ಮಂಜೂರಾತಿ ಎಂದು ನಂಬಿ ಟಿಕೇಟು ತೆಗೆದು, ಹೊರಡುವ ಹಿಂದಿನ ರಾತ್ರಿ ರಜೆಯಿಲ್ಲವೆನಿಸಿಕೊಂಡು ಹಣವನ್ನೂ ಹಬ್ಬವನ್ನೂ ಕಳೆದುಕೊಂಡವನೇ.

ಮುಂಬಯಿಯ ಅಂಗಡಿ ಹೋಟೆಲುಗಳಿಗೆ ಅನ್ವಯಿಸುವ 2017ರ ಮಹಾರಾಷ್ಟ್ರ ಕಾನೂನಿನಲ್ಲಿ ನಮಗೆ ಸಲ್ಲಬೇಕಾದ ರಜೆಯ ಲೆಕ್ಕ ಸರಳವಾಗಿದೆ. ವರ್ಷದಲ್ಲಿ 240 ದಿನಕ್ಕೆ ಕಡಿಮೆಯಿಲ್ಲದೆ ದುಡಿದವನಿಗೆ, ದುಡಿದ ಪ್ರತಿ 20 ದಿನಕ್ಕೆ 1 ದಿನದಂತೆ ಮುಂದಿನ ವರ್ಷ ಸಂಬಳದ ರಜೆ; 280 ದಿನ ದುಡಿದವನಿಗೆ 14 ದಿನ. ಇದಲ್ಲದೆ 8 ದಿನ ಸಾಂದರ್ಭಿಕ ರಜೆ, 8 ದಿನ ಹಬ್ಬದ ರಜೆ. ಹಬ್ಬದ ಎಂಟರಲ್ಲಿ ನಾಲ್ಕು ನಿಶ್ಚಿತ: ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2. ಉಳಿದ ನಾಲ್ಕನ್ನು ವರ್ಷ ಹುಟ್ಟುವ ಮೊದಲೇ ಧನಿಗಳೂ ಕೆಲಸಗಾರರೂ ಕೂಡಿ ಗೊತ್ತುಮಾಡಿಕೊಳ್ಳಬೇಕು. ನಮ್ಮಲ್ಲಿ ಎಷ್ಟು ಮಂದಿ ಹಾಗೆ ಕೂತು ಮಾತಾಡಿದ್ದೇವೆ? ಕೆಲಸಗಾರರ ಸಂಖ್ಯೆ ತೀರ ಕಡಿಮೆಯಿರುವ ಹೋಟೆಲಿಗೆ ಈ ಕಾನೂನಿನ ಬಲ ಪೂರಾ ದೊರೆಯದು. ಆದರೆ ಪಟ್ಟಿ ಕೊಡಲು ಅಲ್ಲಿಯೂ ಯಾರ ಅಡ್ಡಿಯಿಲ್ಲ.

ರಜೆಗೆ ಹದಿನೈದು ದಿನ ಮುಂಚೆ ಅರ್ಜಿ ಕೊಟ್ಟರೆ ಸಾಕೆಂದು ನಮ್ಮವರು ತಿಳಿದಿದ್ದಾರೆ. ಕಾನೂನಿಗೆ ಅದು ಸಾಕಾದೀತು, ರೈಲಿಗೆ ಸಾಲದು. 2024ರ ನವೆಂಬರ್ 1ರಿಂದ ರೈಲಿನ ಮುಂಗಡ ಟಿಕೇಟು 60 ದಿನ ಮೊದಲು ತೆರೆಯುತ್ತದೆ. 2026ರ ಚೌತಿ ಸೆಪ್ಟೆಂಬರ್ 14, ಸೋಮವಾರ. ಶನಿವಾರ 12ಕ್ಕೆ ಮತ್ಸ್ಯಗಂಧದಲ್ಲಿ ಹೊರಡಬೇಕೆಂದರೆ ಟಿಕೇಟು ತೆರೆಯುವುದು ಜುಲೈ 14ರ ಬೆಳಿಗ್ಗೆ 8 ಗಂಟೆಗೆ. ಅಂದು ಕೈಯಲ್ಲಿ ಮಂಜೂರಾತಿ ಇರಬೇಕು. ಆಗಸ್ಟ್ 28ಕ್ಕೆ ಅರ್ಜಿ ಬರೆದವನಿಗೆ ರಜೆ ಸಿಕ್ಕರೂ ಮಲಗುವ ಜಾಗ ಸಿಕ್ಕುವುದು ದುರ್ಲಭ. ಹಿಂದಿನ ವರ್ಷದ ತಾರೀಕನ್ನು ನೆಚ್ಚುವುದೂ ತಪ್ಪು. 2025ರಲ್ಲಿ ಚೌತಿ ಆಗಸ್ಟ್ 27ಕ್ಕೆ ಬಂದಿತ್ತು; ನಡುವೆ ಅಧಿಕ ಮಾಸ ಬಿದ್ದುದರಿಂದ 2026ರಲ್ಲಿ ಅದು ಹದಿನೆಂಟು ದಿನ ಮುಂದೆ ಸರಿಯಿತು. ಆದುದರಿಂದ ಪಟ್ಟಿ ಬರೆಯುವ ಮೊದಲು ಹೊಸ ಪಂಚಾಂಗ ತೆಗೆಸಿರಿ.

ಮಾಟುಂಗದ ಕಡೆಯ ಒಂದು ಹೋಟೆಲಿನಲ್ಲಿ 24 ಮಂದಿ. ಅವರಲ್ಲಿ ಅಡಿಗೆಮನೆಯವರು ಒಂಬತ್ತು. ಆರು ಜನರಿಲ್ಲದೆ ಒಲೆ ನಡೆಯದು, ಅಂದರೆ ಒಮ್ಮೆಗೆ ಮೂವರೇ ಹೋಗಬಹುದು. ಚೌತಿಗೆ ಕೇಳಿದವರು ಏಳು ಮಂದಿ! ಬಿಡಿ ಚೀಟಿಗಳಾಗಿ ಹೋಗಿದ್ದರೆ ಮ್ಯಾನೇಜರರು ಏಳನ್ನೂ ಮಡಚಿಡುತ್ತಿದ್ದರು. ಅವರ ಜಾಗದಲ್ಲಿ ನಾವಿದ್ದರೂ ಅದನ್ನೇ ಮಾಡುತ್ತಿದ್ದೆವು. ರಾತ್ರಿ ಕದ ಹಾಕಿದ ಮೇಲೆ ಏಳು ಜನರೂ ಕೂತು ಮಾತಾಡಿದರು. ಮನೆಯಲ್ಲಿ ಗಣಪತಿ ಕೂರಿಸುವವರು ಮೂವರೇ ಎಂದು ಆಗ ತಿಳಿಯಿತು. ಇಬ್ಬರು ದೀಪಾವಳಿಗೆ ಒಪ್ಪಿದರು. ಇನ್ನಿಬ್ಬರಿಗೆ ನಿಜವಾಗಿ ಬೇಕಾಗಿದ್ದುದು ಊರಿನ ನೇಮದ ದಿನ, ಚೌತಿಯಲ್ಲ. ಆದರೆ ಗಣಪತಿಯ ಮೂವರಲ್ಲಿ ಇಬ್ಬರು ದೋಸೆಯವರೇ. ಲೆಕ್ಕಕ್ಕೆ ಮೂವರು ಸರಿ, ಕಲ್ಲಿನ ಮುಂದೆ ನಿಲ್ಲುವವರಿಲ್ಲ. ಕೊನೆಗೆ ಪೂರಿ ಕರಿಯುವ ಹುಡುಗನನ್ನು ಎರಡು ತಿಂಗಳು ಮೊದಲೇ ಕಲ್ಲಿಗೆ ಹಚ್ಚುವುದೆಂದು ಬರೆದುಕೊಟ್ಟರು. ಮ್ಯಾನೇಜರರು ಸಹಿ ಹಾಕಿದ್ದು ಆ ಸಾಲನ್ನು ಓದಿದ ಮೇಲೆ.

ಪಟ್ಟಿ ಒಂದೇ ಹಾಳೆಯಲ್ಲಿರಲಿ. ಹೆಸರು, ಕೆಲಸ, ಉಳಿದ ರಜೆ, ಹೊರಡುವ ದಿನ, ಕೆಲಸಕ್ಕೆ ಹಾಜರಾಗುವ ದಿನ, ಬದಲಿ ಯಾರು, ಮೊದಲನೆಯದು ಆಗದಿದ್ದರೆ ಎರಡನೆಯ ದಿನ ಯಾವುದು, ಇಷ್ಟು ಸಾಕು. "ಒಂದು ವಾರ" ಎಂದು ಬರೆಯಬೇಡಿ. ಹಾಜರಾಗುವ ತಾರೀಕಿಲ್ಲದ ರಜೆಯೇ ಜಗಳಕ್ಕೆ ಬೀಜ. ನೇಮ ಕೋಲಗಳ ದಿನ ಊರಲ್ಲಿ ತಡವಾಗಿ ಗೊತ್ತಾಗುವುದುಂಟು. ಅಂಥಲ್ಲಿ ತಿಂಗಳನ್ನಷ್ಟೇ ಬರೆದು, ತಾರೀಕನ್ನು ಯಾವಾಗ ತಿಳಿಸುವಿರೆಂದು ಸೇರಿಸಿ. ಸಾಂದರ್ಭಿಕ ರಜೆಯನ್ನು ಪಟ್ಟಿಗೆ ತರಲೇಬೇಡಿ. ಜ್ವರ ಬಂದ ದಿನಕ್ಕೂ ಊರಿನಿಂದ ಕೆಟ್ಟ ಸುದ್ದಿ ಬಂದ ದಿನಕ್ಕೂ ಅದು ಉಳಿಯಬೇಕು. ಈ ವರ್ಷ ಚೌತಿಗೆ ಹೋದವನು ಮುಂದಿನ ವರ್ಷ ಸರದಿಯ ಕೊನೆಗೆ ಎಂಬ ಮಾತನ್ನೂ ಹಾಳೆಯ ಕೆಳಗೆ ಬರೆಯಿರಿ. ಇಲ್ಲದಿದ್ದರೆ ಹಳಬರೇ ಪ್ರತಿಸಲ ಮುಂದೆ ನಿಲ್ಲುತ್ತಾರೆ. ಹೇಳಲು ಸಂಕೋಚವಾದರೂ ಇದು ನಮ್ಮೊಳಗಿನದೇ ದೋಷ, ಧನಿಗಳದ್ದಲ್ಲ.

ನವೆಂಬರ್ ಕೊನೆಗೆ ಎರಡು ಪ್ರತಿ ಮಾಡಿ ಒಂದನ್ನು ಮ್ಯಾನೇಜರರಿಗೆ ಕೊಟ್ಟು, ಇನ್ನೊಂದರ ಮೇಲೆ ತಾರೀಕು ಸಹಿತ ಸಹಿ ಪಡೆದು ನಿಮ್ಮ ಪೆಟ್ಟಿಗೆಯಲ್ಲಿಡಿ. ನಾಲ್ಕು ಹಬ್ಬದ ರಜೆಯ ಬೇಡಿಕೆಯೂ ಅದೇ ಹಾಳೆಯಲ್ಲಿ ಹೋಗಲಿ, ಡಿಸೆಂಬರ್ 31ರೊಳಗೆ ಉತ್ತರ ಬೇಕೆಂದು ಸ್ಪಷ್ಟವಾಗಿ ಕೇಳಿರಿ. ಯಾವುದಾದರೂ ಸಾಲಿಗೆ ಇಲ್ಲವೆಂದರೆ ಅದನ್ನೂ ಆ ಸಾಲಿನ ಎದುರೇ ಬರೆಸಿಕೊಳ್ಳಿ. ಗಿರಣಿಯ ಬಂಧುಗಳಿಗೂ 20ಕ್ಕೆ 1ರ ಲೆಕ್ಕವೇ ಇದೆ. ಅವರು ತಮ್ಮ ಖಾತೆಗೊಂದರಂತೆ ಪಟ್ಟಿ ಮಾಡಿ ಕೊಡಬಹುದು. ಹಾಳೆ ಗೆರೆ ಹಾಕಲು ಬಾರದವರು ಭಾನುವಾರ ಸಂಜೆ ಸಂಘದ ಕಚೇರಿಗೆ ಬಂದರೆ ಕೂತು ಬರೆದುಕೊಡುತ್ತೇವೆ. ಬರುವಾಗ ಹಾಜರಿಯ ಲೆಕ್ಕ ತನ್ನಿರಿ.